ಮೀಟರಿಗೆ ಇಷ್ಟು ಅಂತ ಕೊಟ್ಟರೆ ನೇಕಾರರಿಗೆ ನ್ಯಾಯವಾಗುತ್ತಾ?

ಪ್ರಶ್ನೆ: ಕೈಮಗ್ಗ ನೇಕಾರರ ಸಹಕಾರ ಸಂಘದವರು "ನಾವು ನ್ಯಾಯವಾದ ಕೂಲಿ ಕೊಡ್ತೀವಿ" ಅಂತಾರೆ. ಅದನ್ನ ಲೆಕ್ಕ ಹಾಕೋದು ಹೇಗೆ? ಮೀಟರಿಗೆ ಇಷ್ಟು ಅಂತ ಕೊಟ್ಟರೆ ಸಾಕಲ್ವಾ?

ಸಾಲದು. ನಾನು ಇಂಥದ್ದೇ ಒಂದು ಸಂಘದಲ್ಲಿ ಕೂಲಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಮೀಟರಿನ ಲೆಕ್ಕದಲ್ಲಿ ಏನೇನು ಬಿಟ್ಟುಹೋಗುತ್ತದೆ ಅನ್ನುವುದನ್ನು ಒಂದು ಸಾದಾ ಬಟ್ಟೆ ಇಟ್ಟುಕೊಂಡೇ ನೋಡೋಣ.

20 ಮೀಟರ್ ಉದ್ದ, 45 ಇಂಚು ಅಗಲದ ಹತ್ತಿ ಬಟ್ಟೆ ಅಂದುಕೊಳ್ಳಿ. ಉದ್ದಕ್ಕೆ ಹೋಗುವ ಹಾಸಿನ ಎಳೆ ಇಂಚಿಗೆ 60, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆಯೂ 60. 20 ಮೀಟರ್ ಅಂದರೆ ಸುಮಾರು 787 ಇಂಚು. ಅಷ್ಟು ನೇಯಲು ಲಾಳಿ 47 ಸಾವಿರ ಸಲ ಈ ಕಡೆಯಿಂದ ಆ ಕಡೆಗೆ ಓಡಬೇಕು. ನಿಮಿಷಕ್ಕೆ 40 ಸಲ ಓಡಿದರೂ ಸುಮಾರು 20 ಗಂಟೆ ಆಯಿತು. ಮೀಟರಿಗೆ ದರ ಕಟ್ಟುವವರು ಸಾಮಾನ್ಯವಾಗಿ ಈ 20 ಗಂಟೆಯನ್ನಷ್ಟೇ ನೋಡುತ್ತಾರೆ.

ಆದರೆ ಮಗ್ಗ ಒಂದೇ ಸಮನೆ ಓಡುವುದಿಲ್ಲ. ಎಳೆ ಕಡಿಯುತ್ತದೆ, ಲಾಳಿಯೊಳಗೆ ಹೊಕ್ಕಿನ ನೂಲು ಸುತ್ತಿಟ್ಟ ಕಂಡಿಕೆ ಖಾಲಿಯಾಗುತ್ತದೆ, ನೇಯ್ದ ಬಟ್ಟೆಯನ್ನು ಸುತ್ತಿಕೊಂಡು ಮತ್ತೆ ಬಿಗಿ ಮಾಡಬೇಕು. ಇದಕ್ಕೆ 8 ಗಂಟೆ ಸೇರಿಸಿ. ಹೊಸ ಹಾಸು ಹೂಡುವಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸದನ್ನು ಬೆರಳಲ್ಲೇ ಹೊಸೆದು ಸೇರಿಸಬೇಕು. 45 ಇಂಚಿಗೆ 2,700 ಎಳೆ. ನಿಮಿಷಕ್ಕೆ ಹತ್ತು ಸೇರಿಸುವ ಚುರುಕಿನ ಕೈ ಇದ್ದರೂ ನಾಲ್ಕೂವರೆ ಗಂಟೆ. ಇನ್ನು ಹೊಕ್ಕಿನ ನೂಲು. 47 ಸಾವಿರ ಸಲ 45 ಇಂಚು ಅಂದರೆ ಸುಮಾರು 54 ಕಿಲೋಮೀಟರ್! ಅಷ್ಟನ್ನೂ ಯಾರೋ ಕೂತು ಕಂಡಿಕೆಗೆ ಸುತ್ತಬೇಕು. ನಿಮಿಷಕ್ಕೆ 100 ಮೀಟರಿನ ಹಾಗೆ ಸುತ್ತಿದರೆ 9 ಗಂಟೆ.

ಕೂಡಿಸಿ ನೋಡಿ. 20 ಗಂಟೆ ಅಂದುಕೊಂಡದ್ದು 40 ದಾಟಿತು. ಅಂದರೆ ಗಂಟೆಗೆ ಸಿಗುವ ಕೂಲಿ ಕಾಗದದ ಮೇಲೆ ಕಾಣುವುದರ ಅರ್ಧಕ್ಕಿಂತ ಕಡಿಮೆ. ಕಂಡಿಕೆ ಸುತ್ತುವುದು ಹೆಚ್ಚಾಗಿ ಮನೆಯ ಹೆಂಗಸರು, ವಯಸ್ಸಾದವರು. ಅವರ ಹೆಸರೇ ಕೂಲಿಯ ಪುಸ್ತಕದಲ್ಲಿ ಇರುವುದಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಇದೇ ಅನ್ನಿಸುತ್ತದೆ. ಅದಕ್ಕೇ ನಮ್ಮಲ್ಲಿ ಕಂಡಿಕೆಗೆ, ಎಳೆ ಸೇರಿಸುವುದಕ್ಕೆ ಬೇರೆ ಬೇರೆ ದರ. ಯಾರು ಮಾಡಿದರೋ ಅವರ ಹೆಸರಿಗೇ ಬರೆಯುತ್ತೇವೆ, ಅವರ ಕೈಗೇ ಕೊಡುತ್ತೇವೆ.

ಮೀಟರಿನ ದರದಿಂದ ಇನ್ನೊಂದು ತೊಂದರೆ ಇದೆ. ಅದು ಕಸುಬನ್ನೇ ಕೆಡಿಸುತ್ತದೆ. ಇಂಚಿಗೆ 60 ಹೊಕ್ಕು ಹಾಕಬೇಕಾದಲ್ಲಿ 50 ಹಾಕಿ ನೇಯ್ದವರಿಗೆ ಅದೇ ಹೊತ್ತಿನಲ್ಲಿ ಐದನೇ ಒಂದು ಪಾಲು ಜಾಸ್ತಿ ಮೀಟರ್ ಸಿಗುತ್ತದೆ, ಕೂಲಿಯೂ ಅಷ್ಟೇ ಜಾಸ್ತಿ. ಗಟ್ಟಿಯಾಗಿ ನೇಯ್ದವರಿಗೆ ನಷ್ಟ. ತಪ್ಪು ನೇಕಾರರದ್ದಲ್ಲ, ದರ ಕಟ್ಟಿದವರದ್ದು. ಬಟ್ಟೆ ತಂದಾಗ ಬೆಳಕಿಗೆ ಹಿಡಿದರೆ ಎಲ್ಲಿ ತೆಳುವಾಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಅನುಮಾನ ಬಂದರೆ ಎಳೆ ಎಣಿಸುವ ಪುಟ್ಟ ಮಸೂರವನ್ನು ಬಟ್ಟೆಯ ಮೂರು ನಾಲ್ಕು ಕಡೆ ಇಟ್ಟು ಒಂದಿಂಚಿನ ಹೊಕ್ಕು ಎಣಿಸುತ್ತೇವೆ, ನೇಕಾರರ ಎದುರಿಗೇ. ಈಗ ನಾವು ಕೂಲಿ ಕೊಡುವುದು ಹೊಕ್ಕಿನ ಲೆಕ್ಕದ ಮೇಲೆ. 60ರ ಬಟ್ಟೆಗೆ 60ರ ಕೂಲಿ, 50ರದ್ದಕ್ಕೆ 50ರದ್ದು. ಚೆನ್ನಾಗಿ ನೇಯ್ದರೆ ಯಾರೂ ಸೋಲುವುದಿಲ್ಲ.

ಹೂವು, ಬುಟ್ಟಾ ಇರುವ ಬಟ್ಟೆಗೆ ಮಾತ್ರ ಈ ಲೆಕ್ಕ ಹಾಗೇ ಹೊಂದುವುದಿಲ್ಲ. ಅಲ್ಲಿ ನಿಮಿಷಕ್ಕೆ 40 ಹೊಕ್ಕು ಬೀಳುವುದೇ ಇಲ್ಲ. ಮೊದಲ ಒಂದು ಮೀಟರನ್ನು ಅನುಭವಸ್ಥರೊಬ್ಬರು, ಆಗಷ್ಟೇ ಕಲಿತವರೊಬ್ಬರು ನೇಯ್ದು ನೋಡಿ, ಹಿಡಿದ ಹೊತ್ತು ಬರೆದಿಟ್ಟು, ಆಮೇಲೆ ದರ ಕಟ್ಟುತ್ತೇವೆ. ದರ ಕಟ್ಟುವುದು ಸದಸ್ಯರ ಸಭೆಯಲ್ಲೇ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ.

ಕೂಲಿ ಯಾವಾಗ ಕೈಗೆ ಬರುತ್ತದೆ ಅನ್ನುವುದನ್ನೂ ಕೇಳಿ. ಬಟ್ಟೆ ಒಪ್ಪಿಸಿದ ದಿನವೇ ಕೊಡಬೇಕು, ಮಾರಾಟವಾದ ಮೇಲಲ್ಲ. ನಿಜ ಹೇಳಬೇಕೆಂದರೆ ಸಂಘಕ್ಕೆ ಕಷ್ಟವಾಗುವುದು ಇಲ್ಲೇ. ಬಟ್ಟೆ ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತರೂ ಕೂಲಿ, ನೂಲಿನ ದುಡ್ಡು ಎರಡೂ ಆಗಲೇ ಹೋಗಿರುತ್ತದೆ. ಅದಕ್ಕೆ ನಾವು ಲಾಭ ಬಂದ ವರ್ಷ ಒಂದು ಪಾಲನ್ನು ಕೂಲಿಗೆಂದೇ ಮೀಸಲಿಟ್ಟು, ಉಳಿದದ್ದನ್ನು ಅವರವರು ಮಾಡಿದ ಕೆಲಸದ ಪ್ರಕಾರ ಹಂಚುತ್ತೇವೆ. ಮೀಸಲು ಹಣ ತೀರುತ್ತಾ ಬಂದರೆ ಹೊಸ ಹಾಸು ಹೂಡುವುದನ್ನು ಕಡಿಮೆ ಮಾಡುತ್ತೇವೆ, ಒಪ್ಪಿಸಿದ ಬಟ್ಟೆಯ ಕೂಲಿಯನ್ನು ತಡೆಹಿಡಿಯುವುದಿಲ್ಲ.