ಫಾರ್ಮ್‌ನಲ್ಲಿ ಕೇಳದೇ ಇದ್ದ ಉಬ್ಬಸ

ಓದಲು ಅಮೆರಿಕಕ್ಕೆ ಹೊರಟ ಹುಡುಗನೊಬ್ಬನ ಆರೋಗ್ಯ ವಿಮೆಯ ಕಥೆ ಇದು. ಅವನ ಊರು, ಓದಿದ ಕಾಲೇಜು, ಸೇರಿದ ವಿಶ್ವವಿದ್ಯಾಲಯ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹಣದ ಲೆಕ್ಕವನ್ನು ಓದಲು ಸುಲಭವಾಗುವಂತೆ ಇಡೀ ಅಂಕಿಗಳಿಗೆ ಹೊಂದಿಸಿದ್ದೇನೆ. ಬರೆಯಲು ಅವನೂ ಅವನ ತಂದೆಯೂ ಒಪ್ಪಿದ್ದಾರೆ.

ಜೂನ್ ಕೊನೆಯಲ್ಲಿ ತಂದೆ ಮಗ ಇಬ್ಬರೂ, ಓದಲು ವಿದೇಶಕ್ಕೆ ಹೋಗುವವರಿಗೆ ಸಲಹೆ ಕೊಡುವ ಕಲಬುರಗಿಯ ನನ್ನ ಕಚೇರಿಗೆ ಬಂದರು. ತಂದೆಗೆ ತೊಗರಿ ಬೇಳೆ ಮಿಲ್ಲು. ಮಗನಿಗೆ ಅಮೆರಿಕದ ಮಧ್ಯಭಾಗದ ರಾಜ್ಯವೊಂದರಲ್ಲಿ ಎಂಎಸ್ ಸೀಟು ಸಿಕ್ಕಿತ್ತು. ಎಫ್-1 ವೀಸಾ ಕೈಗೆ ಬಂದಾಗಿತ್ತು. ಉಳಿದಿದ್ದ ಪ್ರಶ್ನೆ ಒಂದೇ. ವಿಶ್ವವಿದ್ಯಾಲಯ ತನ್ನ ಬಿಲ್ಲಿನಲ್ಲಿ ಆರೋಗ್ಯ ವಿಮೆಗೆಂದು ವರ್ಷಕ್ಕೆ 2,800 ಡಾಲರ್ ಸೇರಿಸಿತ್ತು. ಸೀನಿಯರ್‌ಗಳ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಬೇರೆ ಸಲಹೆ ಬಂದಿತ್ತು: "ಅದು ಬೇಡ, 600 ಡಾಲರ್‌ಗೆ ಹೊರಗಿನ ಪ್ಲಾನ್ ತಗೋ, ವೇವರ್ ಹಾಕು."

ವೇವರ್ ಅಂದರೆ, ನನ್ನ ಹತ್ತಿರ ಬೇರೆ ವಿಮೆ ಇದೆ, ನಿಮ್ಮದು ಬೇಡ ಎಂದು ವಿಶ್ವವಿದ್ಯಾಲಯಕ್ಕೆ ಹಾಕುವ ಅರ್ಜಿ. ಉಳಿಯುವುದು 2,200 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೂ ಹತ್ತಿರ ಹತ್ತಿರ 2 ಲಕ್ಷ.

"ಎರಡು ಲಕ್ಷ ಅಂದ್ರ ಸಣ್ಣ ಮಾತಲ್ರಿ ಮೇಡಂ. ಸಾಲ ಮಾಡಿ ಕಳಿಸಾಕತ್ತೀನಿ," ಅಂದರು ತಂದೆ.

ಅವರ ಮಾತು ಸರಿಯಾಗಿಯೇ ಇತ್ತು. ಹೂಂ ಅನ್ನುವ ಮೊದಲು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಹುಡುಗನಿಗೂ ಕೇಳಿದೆ: ದಿನಾ ತಗೊಳ್ಳುವ ಔಷಧ ಏನಾದರೂ ಇದೆಯಾ? ಅವನು ತಂದೆಯ ಮುಖ ನೋಡಿ, ಜೇಬಿನಿಂದ ಇನ್ಹೇಲರ್ ತೆಗೆದು ಮೇಜಿನ ಮೇಲಿಟ್ಟ. ಹದಿನಾಲ್ಕನೇ ವಯಸ್ಸಿನಿಂದ ಬೆಳಿಗ್ಗೆ ಎರಡು ಪಫ್, ರಾತ್ರಿ ಎರಡು ಪಫ್. ಹೋದ ಜನವರಿಯಲ್ಲಿ ಹೊಸ ತೊಗರಿ ಬರುವ ಹೊತ್ತಿಗೆ ಮಿಲ್ಲಿನಲ್ಲಿ ಕೈಜೋಡಿಸಿದ್ದ. ಧೂಳಿಗೆ ಉಸಿರು ಕಟ್ಟಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಇಡಿಸಿಕೊಂಡಿದ್ದ.

"ಆದ್ರ ಆ ಪ್ಲಾನ್ ಫಾರಂದಾಗ ಕಾಯಿಲೆ ಬಗ್ಗೆ ಏನೂ ಕೇಳಿಲ್ರಿ. ಕೇಳಿದ್ರ ಹೇಳ್ತಿದ್ವಿ," ಅಂದರು ತಂದೆ.

ಬಹಳ ಮನೆಗಳು ಎಡವುವುದು ಇಲ್ಲೇ. ಇಂಥ ಅಗ್ಗದ ಪ್ಲಾನ್‌ಗಳು ಮಾರುವಾಗ ಸಾಮಾನ್ಯವಾಗಿ ಕಾಯಿಲೆ ಕೇಳುವುದೇ ಇಲ್ಲ. ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ ಕೊಟ್ಟರೆ ಹತ್ತು ನಿಮಿಷದಲ್ಲಿ ಪಾಲಿಸಿ ಬರುತ್ತದೆ. ಕೇಳಲಿಲ್ಲ ಅಂದರೆ ಹಳೆಯ ಕಾಯಿಲೆಗೂ ದುಡ್ಡು ಕೊಡುತ್ತಾರೆ ಅಂತ ಅರ್ಥ ಅಲ್ಲ. ಮಾರುವಾಗ ಕೇಳದ್ದನ್ನು ಕ್ಲೇಮ್ ಹಾಕಿದಾಗ ಕೇಳುತ್ತಾರೆ. ಹಳೆಯ ವೈದ್ಯರ ಚೀಟಿ, ಆಸ್ಪತ್ರೆಯ ದಾಖಲೆ ತರಿಸುತ್ತಾರೆ. ಅಲ್ಲಿನ ವೈದ್ಯರಿಗೆ ಹುಡುಗ ಸಹಜವಾಗಿಯೇ "ಚಿಕ್ಕಂದಿನಿಂದ ಉಬ್ಬಸ ಇದೆ" ಅನ್ನುತ್ತಾನೆ. ಚಿಕಿತ್ಸೆಗೆ ಅದನ್ನು ಹೇಳಲೇಬೇಕು. ಅದು ಫೈಲಿನಲ್ಲಿ ದಾಖಲಾಗುತ್ತದೆ, ಕ್ಲೇಮ್ ಬಿದ್ದುಹೋಗುತ್ತದೆ.

ಹುಡುಗ ತನ್ನ ಫೋನಿನಲ್ಲಿ ಬ್ರೋಶರ್ ತೆರೆದು ಒಂದು ಸಾಲು ತೋರಿಸಿದ. ಹಳೆಯ ಕಾಯಿಲೆ ತಟ್ಟನೆ ಉಲ್ಬಣಿಸಿದರೆ ಹಣ ಕೊಡುತ್ತೇವೆ ಎಂಬ ಅರ್ಥದ ಸಾಲು. "ಉಬ್ಬಸ ತಟ್ಟನೇ ಬರ್ತದಲ್ರಿ ಮೇಡಂ, ಅಂದ್ರ ಕವರ್ ಅದ," ಅಂದ. ಓದಿದ ಯಾರಿಗಾದರೂ ಹಾಗೇ ಅನಿಸುತ್ತದೆ.

ಬ್ರೋಶರ್ ಬಿಡು, ಪೂರ್ತಿ ಪಾಲಿಸಿಯ ಪಿಡಿಎಫ್ ಇಳಿಸು ಅಂದೆ. ಅರವತ್ತಕ್ಕೂ ಹೆಚ್ಚು ಪುಟ. ಎಲ್ಲವನ್ನೂ ಓದಬೇಕಿಲ್ಲ. ಹುಡುಕುವ ಜಾಗದಲ್ಲಿ ಮೊದಲು `pre-existing` ಅಂತ ಹಾಕಿಸಿದೆ. ವ್ಯಾಖ್ಯೆ ಸಿಕ್ಕಿತು: ಪಾಲಿಸಿ ಶುರುವಾಗುವ ಮುಂಚಿನ 36 ತಿಂಗಳಲ್ಲಿ ಇದ್ದ, ಲಕ್ಷಣ ತೋರಿಸಿದ, ಅಥವಾ ಔಷಧ ತಗೊಂಡ ಯಾವುದೇ ತೊಂದರೆ ಹಳೆಯ ಕಾಯಿಲೆಯೇ. ವೈದ್ಯರು ಅದಕ್ಕೊಂದು ಹೆಸರು ಕೊಟ್ಟಿರಲೇಬೇಕು ಅಂತಿಲ್ಲ. ಆಮೇಲೆ `acute onset` ಅಂತ ಹುಡುಕಿಸಿದೆ. ಬ್ರೋಶರ್‌ನ ಆ ಒಂದು ಸಾಲು ಇಲ್ಲಿ ಅರ್ಧ ಪುಟ ಆಗಿತ್ತು. ಕಾಯಿಲೆ ಮುನ್ಸೂಚನೆ ಇಲ್ಲದೆ ಉಲ್ಬಣಿಸಿರಬೇಕು. 24 ಗಂಟೆಯೊಳಗೆ ಚಿಕಿತ್ಸೆ ಪಡೆದಿರಬೇಕು. ಕೊನೆಯಲ್ಲಿ ಇನ್ನೊಂದು ವಾಕ್ಯ: ದೀರ್ಘಕಾಲದ ಕಾಯಿಲೆ, ಹುಟ್ಟಿನಿಂದ ಬಂದ ಕಾಯಿಲೆ, ನಿಧಾನವಾಗಿ ಹೆಚ್ಚುತ್ತ ಹೋಗುವ ಕಾಯಿಲೆಗಳಿಗೆ ಇದು ಅನ್ವಯಿಸುವುದಿಲ್ಲ.

ಉಬ್ಬಸ ದೀರ್ಘಕಾಲದ ಕಾಯಿಲೆ. ಮೇಲೆ ಕೊಟ್ಟದ್ದನ್ನು ಈ ಒಂದೇ ವಾಕ್ಯ ಕೆಳಗೆ ವಾಪಸ್ ತಗೊಂಡಿತ್ತು. ಹುಡುಗ ಎರಡು ಸಲ ಓದಿ ಫೋನನ್ನು ತಂದೆಯ ಕೈಗೆ ಕೊಟ್ಟ.

ತಂದೆಗೆ ಇನ್ನೊಂದು ಅನುಮಾನ ಉಳಿದಿತ್ತು. ಪ್ಲಾನ್‌ನ ಮೇಲೆಯೇ "ವೀಸಾ ನಿಯಮ ಪೂರೈಸುತ್ತದೆ" ಅಂತ ದಪ್ಪ ಅಕ್ಷರದಲ್ಲಿತ್ತು. ಸರ್ಕಾರವೇ ಒಪ್ಪಿದ್ದರೆ ಏನು ತೊಂದರೆ? ನಿಜ ಏನೆಂದರೆ, ಎಫ್-1 ವಿದ್ಯಾರ್ಥಿಗೆ ಇಂಥ ವಿಮೆಯೇ ಇರಬೇಕು ಅಂತ ಅಮೆರಿಕ ಸರ್ಕಾರದ ನಿಯಮವೇ ಇಲ್ಲ. ನಿಯಮ ಇರುವುದು ವಿನಿಮಯ ಕಾರ್ಯಕ್ರಮದ ಜೆ-1 ವೀಸಾಕ್ಕೆ. ಅಲ್ಲಿ ಒಂದೊಂದು ಕಾಯಿಲೆಗೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ರಕ್ಷಣೆ ಇರಬೇಕು, ನಮ್ಮ ಕೈಯಿಂದ ಮೊದಲು ಹಾಕುವ ಹಣ 500 ಡಾಲರ್ ಮೀರಬಾರದು. ಆದರೆ ಆ ನಿಯಮವೂ ಹಳೆಯ ಕಾಯಿಲೆಗೆ ಕಾಯುವ ಅವಧಿ ಇಡಲು ಕಂಪನಿಗೆ ಅವಕಾಶ ಕೊಡುತ್ತದೆ. ಹಾಗಾಗಿ ಆ ದಪ್ಪ ಅಕ್ಷರ ನಿಜವೇ ಆಗಿದ್ದರೂ ಈ ಹುಡುಗನ ಉಸಿರಿಗೆ ಉಪಯೋಗವಿಲ್ಲ. ಎಫ್-1ನವರಿಗೆ ಷರತ್ತು ಹಾಕುವುದು ವಿಶ್ವವಿದ್ಯಾಲಯ. ಒಂದೊಂದರದ್ದು ಒಂದೊಂದು ಥರ.

ಆ ಷರತ್ತಿನ ಪಟ್ಟಿಯನ್ನೂ ಅಲ್ಲೇ ತೆರೆದೆವು. ಹಳೆಯ ಕಾಯಿಲೆಗೆ ಕಾಯುವ ಅವಧಿ ಇಲ್ಲದೆ ರಕ್ಷಣೆ ಇರಬೇಕು, ಮಾನಸಿಕ ಆರೋಗ್ಯಕ್ಕೆ ಬೇರೆ ಕಾಯಿಲೆಗಳಷ್ಟೇ ಹಣ ಕೊಡಬೇಕು, ಕ್ಲೇಮ್ ನೋಡುವ ಕಚೇರಿ ಅಮೆರಿಕದಲ್ಲಿರಬೇಕು. 600 ಡಾಲರ್ ಪ್ಲಾನ್ ಮೊದಲ ಸಾಲಿನಲ್ಲೇ ಬಿದ್ದುಹೋಯಿತು. ಹಾಗಿದ್ದರೆ ಸೀನಿಯರ್‌ಗೆ ಹೇಗೆ ಸಿಕ್ಕಿತು? ಅವನು ವೇವರ್ ಹಾಕಿದ್ದು ಎರಡು ವರ್ಷದ ಹಿಂದೆ, ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ವೇವರ್ ತಿರಸ್ಕಾರವಾದರೆ ವಿಶ್ವವಿದ್ಯಾಲಯದ 2,800 ಹೇಗೂ ಕಟ್ಟಬೇಕು. ಅಷ್ಟರಲ್ಲಿ ಅಗ್ಗದ ಪಾಲಿಸಿ ಶುರುವಾಗಿದ್ದರೆ ಅದರ 600 ಪೂರ್ತಿ ವಾಪಸ್ ಬರುವುದು ಕಷ್ಟ.

ನಂತರ ನಾನು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಉಬ್ಬಸಕ್ಕೆ ಎರಡು ರಾತ್ರಿ ಆಸ್ಪತ್ರೆ ಸೇರಿದ, ಬಿಲ್ಲು 18,000 ಡಾಲರ್ ಆಯಿತು ಅಂತ ಇಟ್ಟುಕೊಳ್ಳಿ. ಅವನ ವಿಶ್ವವಿದ್ಯಾಲಯದ ಪ್ಲಾನ್‌ನಲ್ಲಿ ಮೊದಲ 300 ಅವನದು. ಉಳಿದ 17,700ರಲ್ಲಿ ನೂರಕ್ಕೆ 20ರಂತೆ 3,540. ಒಟ್ಟು 3,840. ಆದರೆ ವರ್ಷಕ್ಕೆ ಅವನ ಕೈಯಿಂದ 3,000ಕ್ಕಿಂತ ಜಾಸ್ತಿ ಹೋಗಬಾರದು ಅಂತ ಮಿತಿ ಇದೆ, ಹಾಗಾಗಿ 3,000ಕ್ಕೆ ನಿಲ್ಲುತ್ತದೆ. ಇದು ಪ್ಲಾನ್‌ನ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋದರೆ ಮಾತ್ರ. ಅಗ್ಗದ ಪ್ಲಾನ್‌ನಲ್ಲಿ 18,000ವೂ ಅವನದೇ. ಉಳಿಸಿದ್ದು 2,200, ಹೋಗುವುದು ವಿಶ್ವವಿದ್ಯಾಲಯದ ಪ್ಲಾನ್‌ಗಿಂತ 15,000 ಜಾಸ್ತಿ. ತಂದೆ ವ್ಯಾಪಾರಸ್ಥರು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ವಿಮಾ ಕಂಪನಿಯಿಂದ ಕೊಂಡು ವಿಶ್ವವಿದ್ಯಾಲಯಗಳು ಕೊಡುವ ಪ್ಲಾನ್‌ಗಳು ಅಲ್ಲಿನ 2010ರ ಆರೋಗ್ಯ ಕಾನೂನಿನಡಿ ಬರುತ್ತವೆ. ಹಳೆಯ ಕಾಯಿಲೆ ಅಂತ ಹೇಳಿ ಚಿಕಿತ್ಸೆಯ ಹಣ ನಿರಾಕರಿಸುವಂತಿಲ್ಲ. ವಿಶ್ವವಿದ್ಯಾಲಯ ತಾನೇ ಹಣ ಹಾಕಿ ನಡೆಸುವ ಪ್ಲಾನ್ ಆದರೆ ಈ ಮಾತು ತನ್ನಷ್ಟಕ್ಕೆ ಅನ್ವಯಿಸುವುದಿಲ್ಲ. ಅದಕ್ಕೇ ಹುಡುಗನಿಂದ ಅಲ್ಲಿನ ವಿಮಾ ವಿಭಾಗಕ್ಕೆ ಮೇಲ್ ಬರೆಸಿದೆ: ಉಬ್ಬಸ ಮೊದಲೇ ಇದೆ, ಮೊದಲ ದಿನದಿಂದಲೇ ಇನ್ಹೇಲರ್‌ಗೂ ಆಸ್ಪತ್ರೆಗೂ ರಕ್ಷಣೆ ಇದೆಯೇ? ಮೂರನೇ ದಿನ "ಇದೆ" ಅಂತ ಲಿಖಿತ ಉತ್ತರ ಬಂತು. ಆ ಮೇಲ್ ಅನ್ನು ಅಳಿಸದೆ ಇಟ್ಟುಕೊಳ್ಳಲು ಹೇಳಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ಅವನು ಹೋಗುವ ಕಾಲ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಕಾಂಗ್ರೆಸ್ ಕಸಕ್ಕೆ ಅಲ್ಲೊಂದು ದಾಯಾದಿ ಇದೆ, ರ‍್ಯಾಗ್‌ವೀಡ್. ಎರಡೂ ಒಂದೇ ಸಸ್ಯ ಕುಟುಂಬದವು. ಅಮೆರಿಕದ ಮಧ್ಯಭಾಗದಲ್ಲಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದರ ಪರಾಗ ಗಾಳಿಯಲ್ಲಿ ತುಂಬಿರುತ್ತದೆ. ಕಾಂಗ್ರೆಸ್ ಕಸಕ್ಕೆ ಸೀನು, ಉಬ್ಬಸ ಬರುವವರಿಗೆ ರ‍್ಯಾಗ್‌ವೀಡ್ ಕೂಡ ಒಗ್ಗದೇ ಇರಬಹುದು. ಈ ಹುಡುಗನಿಗೆ ಕಾಂಗ್ರೆಸ್ ಕಸಕ್ಕೆ ಹಾಗೆ ಬರುತ್ತದೆ. ಅವನು ಇಳಿಯುವುದು ಸರಿಯಾಗಿ ಆಗಸ್ಟ್‌ನಲ್ಲಿ. ಹೊರಡುವ ಮುಂಚೆ ಶ್ವಾಸಕೋಶದ ವೈದ್ಯರನ್ನು ನೋಡಿ, ಮೂರು ತಿಂಗಳಿಗಾಗುವಷ್ಟು ಇನ್ಹೇಲರ್‌ಗಳನ್ನು ಡಬ್ಬಿ ಸಮೇತ, ವೈದ್ಯರ ಪತ್ರದ ಜೊತೆ ಕೈಚೀಲದಲ್ಲೇ ಒಯ್ಯಲು ಹೇಳಿದೆ. ಪತ್ರದಲ್ಲಿ ಕಂಪನಿ ಹೆಸರಿನ ಬದಲು ಔಷಧದ ಮೂಲ ಹೆಸರು, ಪ್ರಮಾಣ ಇರಬೇಕು. ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿ ಅರ್ಥವಾಗುವುದಿಲ್ಲ.

ಇನ್ನೊಂದು ಸಂದು ಉಳಿದಿತ್ತು. ವಿಶ್ವವಿದ್ಯಾಲಯದ ವಿಮೆ ಶುರುವಾಗುವುದು ಆಗಸ್ಟ್ 15ಕ್ಕೆ, ಅವನ ವಿಮಾನ 5ಕ್ಕೆ. ಆ ಹತ್ತು ದಿನಕ್ಕೆ ಪ್ರವಾಸ ವಿಮೆ ಕೊಳ್ಳಿಸಿದೆ. ಅದರಲ್ಲೂ ಉಬ್ಬಸಕ್ಕೆ ರಕ್ಷಣೆ ಇಲ್ಲ, ಕೈಕಾಲು ಮುರಿಯುವಂಥ ಹೊಸ ತೊಂದರೆಗೆ ಮಾತ್ರ ಅದು ನೆರವಿಗೆ ಬರುತ್ತದೆ ಅಂತ ಸ್ಪಷ್ಟವಾಗಿ ಹೇಳಿದೆ. ಆ ಹತ್ತು ದಿನ ಒಂದು ಪಫ್ ಕೂಡ ತಪ್ಪಿಸಬೇಡ ಅಂದೆ.

2,800 ಕೊಟ್ಟರೂ ಆ ಪ್ಲಾನ್‌ನಲ್ಲಿ ಹಲ್ಲು, ಕನ್ನಡಕ ಇಲ್ಲ. ಬಹುತೇಕ ಪ್ಲಾನ್‌ಗಳಲ್ಲಿ ಅದು ಬೇರೆಯೇ ಕೊಳ್ಳಬೇಕಾದ ವಿಮೆ. ಅವನ ದವಡೆಯಲ್ಲಿ ಎರಡು ಹುಳುಕು ಹಲ್ಲು ಇದ್ದವು. ಜುಲೈನಲ್ಲಿ ಇಲ್ಲೇ ತುಂಬಿಸಿಕೊಂಡ, ಎರಡು ಜೊತೆ ಕನ್ನಡಕ ಮಾಡಿಸಿದ. ವಿಶ್ವವಿದ್ಯಾಲಯ ಕೇಳಿದ್ದ ಎಂಎಂಆರ್ ಲಸಿಕೆಯ ಎರಡೂ ಡೋಸು ಇಲ್ಲೇ ಮುಗಿಸಿದ. ಎರಡರ ನಡುವೆ ನಾಲ್ಕು ವಾರ ಬೇಕು, ಹಾಗಾಗಿ ಜುಲೈ ಮೊದಲ ವಾರವೇ ಶುರು ಮಾಡಬೇಕಾಯಿತು.

ಕಾಯಿಲೆಯೇ ಇಲ್ಲದ ಮಗುವಿಗಾದರೆ ಅಗ್ಗದ ಪ್ಲಾನ್ ಸಾಕಲ್ವಾ ಅಂತ ಬೇರೆ ತಂದೆ ತಾಯಂದಿರು ಕೇಳುತ್ತಾರೆ. ವಿಶ್ವವಿದ್ಯಾಲಯ ಒಪ್ಪಿದರೆ ಆಗಬಹುದು. ಆದರೂ ಅವರ ಪಾಲಿಸಿಯಲ್ಲಿ `mental` ಅಂತ ಹುಡುಕಿಸದೆ ಕಳಿಸುವುದಿಲ್ಲ. ಮೊದಲ ಚಳಿಗಾಲದಲ್ಲಿ ಒಂಟಿಯಾಗಿ ಕುಗ್ಗಿಹೋದ ಮಕ್ಕಳ ಫೋನ್ ನನಗೆ ಬಂದಿದೆ. ಕೆಲವು ಅಗ್ಗದ ಪ್ಲಾನ್‌ಗಳಲ್ಲಿ ಆ ಚಿಕಿತ್ಸೆ ಪೂರ್ತಿ ಹೊರಗೆ, ಕೆಲವದರಲ್ಲಿ ತೀರ ಸಣ್ಣ ಮೊತ್ತಕ್ಕೆ ಮಿತಿ.

ಸೆಪ್ಟೆಂಬರ್ ಎರಡನೇ ವಾರ ಹುಡುಗನ ಮೆಸೇಜ್ ಬಂತು. ರಾತ್ರಿ ಎದೆ ಬಿಗಿ ಹಿಡಿದಿತ್ತಂತೆ. ಬೆಳಿಗ್ಗೆ ಕ್ಯಾಂಪಸ್‌ನ ವಿದ್ಯಾರ್ಥಿ ಆರೋಗ್ಯ ಕೇಂದ್ರಕ್ಕೆ ಹೋದ. ಅವರು ಇನ್ಹೇಲರ್‌ನ ಪ್ರಮಾಣ ಹೆಚ್ಚಿಸಿದರು. ಕೈಯಿಂದ ಕೊಟ್ಟದ್ದು 20 ಡಾಲರ್. ಜೊತೆಗೆ ವಿಮೆ ಕಾರ್ಡಿನ ಫೋಟೊ ಕಳಿಸಿ, ಇನ್ನೊಂದು ಇಂಥದ್ದೇ ರಾತ್ರಿ ಬಂದರೆ ನೇರ ಎಮರ್ಜೆನ್ಸಿಗೆ ಹೋಗಬೇಕಾ ಅಂತ ಕೇಳಿದ್ದ. ಮಾತು ಪೂರ್ತಿ ಮಾಡಲು ಆಗದಷ್ಟು ಉಸಿರು ಕಟ್ಟಿದರೆ, ಅಥವಾ ತಕ್ಷಣ ಆರಾಮ ಕೊಡುವ ಇನ್ಹೇಲರ್‌ಗೂ ಬಗ್ಗದಿದ್ದರೆ ದುಡ್ಡಿನ ಲೆಕ್ಕ ನೋಡದೆ 911ಕ್ಕೆ ಫೋನ್ ಮಾಡು ಅಂತ ಬರೆದೆ. ಕೆಮ್ಮು, ಸಣ್ಣ ಬಿಗಿತಕ್ಕಾದರೆ ಮೊದಲು ಕಾರ್ಡಿನ ಹಿಂದಿರುವ ನರ್ಸ್ ಸಹಾಯವಾಣಿಗೆ ಕರೆ ಮಾಡು, ಹತ್ತಿರದ ಯಾವ ಕ್ಲಿನಿಕ್ ನಿನ್ನ ಪ್ಲಾನ್‌ನ ಪಟ್ಟಿಯಲ್ಲಿದೆ ಅಂತ ಇವತ್ತೇ ಕೇಳಿ ಫೋನಿನಲ್ಲಿ ಬರೆದಿಟ್ಟುಕೋ ಅಂದೆ. ಸಂಜೆಗೆ ಎರಡು ಕ್ಲಿನಿಕ್‌ಗಳ ವಿಳಾಸ ಕಳಿಸಿದ. ಒಂದು ಅವನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇತ್ತು.