ಕೀ ಉತ್ತರ ತಪ್ಪಿದ್ದರೆ ಉಪನ್ಯಾಸಕರಿಗೆ ಹೇಗೆ ಬರೆಯುವುದು?

ಪ್ರಶ್ನೆ: ಬೇಡಿಕೆ Q = 100 − 5P. P = 12 ಇದ್ದಾಗ ಸ್ಥಿತಿಸ್ಥಾಪಕತ್ವ ಎಷ್ಟು ಎಂದು ಕೇಳಿದ್ದರು. ಕೀಯಲ್ಲಿ 5 ಇದೆ, ನನಗೆ 1.5 ಬರ್ತಿದೆ. ಸರ್‌ಗೆ ಹೇಗೆ ಬರೆಯಲಿ?

ಉತ್ತರ: ನಿಮ್ಮದೇ ಸರಿ. ಕೀಯಲ್ಲಿ P ಮುಂದಿನ ಗುಣಕವನ್ನೇ ಉತ್ತರವಾಗಿ ಕೊಟ್ಟಂತಿದೆ. ಆದರೆ ಪತ್ರದಲ್ಲಿ ‘ತಪ್ಪು’ ಅನ್ನಬೇಡಿ, ಲೆಕ್ಕವೇ ಮಾತಾಡಲಿ. ಹೀಗೆ ಬರೆಯಿರಿ:

“ಮಾನ್ಯ ಸರ್, ಈ ಪ್ರಶ್ನೆಯ ಕೀ ಉತ್ತರವನ್ನು ದಯವಿಟ್ಟು ಮತ್ತೊಮ್ಮೆ ಪರಿಶೀಲಿಸಬೇಕೆಂದು ಕೋರುತ್ತೇನೆ. P = 12 ಆದಾಗ Q = 40. ಆದ್ದರಿಂದ 5 × 12/40 = 1.5 (ಋಣ ಚಿಹ್ನೆ ಬಿಟ್ಟು). ಬೆಲೆ 13 ಆದರೆ, ಅಂದರೆ ಶೇ 8.33 ಏರಿದರೆ, ಬೇಡಿಕೆ 35ಕ್ಕೆ, ಅಂದರೆ ಶೇ 12.5 ಇಳಿಯುತ್ತದೆ, ಅನುಪಾತ 1.5. ಉತ್ತರ 5 ಆಗಿದ್ದರೆ ಬೇಡಿಕೆ ಸುಮಾರು 23ಕ್ಕೆ ಕುಸಿಯಬೇಕಿತ್ತು. ನಾನು ಎಲ್ಲಾದರೂ ಎಡವಿದ್ದರೆ ದಯವಿಟ್ಟು ತಿಳಿಸಿ.”

ಪ್ರಶ್ನೆ ಸಂಖ್ಯೆ ಬರೆಯಲು ಮರೆಯಬೇಡಿ.