ಜೂನ್ ವ್ಯಾಪಾರಕ್ಕೆ ಮೇನಲ್ಲೇ ಕಾಸು

(ಗುರುತು ಸಿಗದಂತೆ ವಿವರ ಮತ್ತು ಅಂಕಿ ಬದಲಿಸಿದ್ದೇನೆ.)

ತುಮಕೂರಿನಲ್ಲಿ ನೋಟ್‌ಬುಕ್, ಶಾಲಾ ಬ್ಯಾಗು ಮಾರುವ ದಂಪತಿ ಬಂದಿದ್ದರು. "ಮೇಡಂ, ಮಾಲು ಹೋಗುತ್ತೆ, ಲಾಭಾನೂ ಇದೆ. ಆದ್ರೆ ಮೇ ಬಂದ್ರೆ ಕೈಯಲ್ಲಿ ಕಾಸಿರಲ್ಲ. ಮೂರು ಲಕ್ಷ ಕೈಸಾಲ ಮಾಡ್ಲಾ?" ಅಂದರು ಗಂಡ. ಹೆಂಡತಿಗೆ ಸಾಲ ಬೇಡವೇ ಬೇಡ.

ಸಾಲದ ಮಾತು ಆಮೇಲೆ, ಮೊದಲು ಮಾರಾಟದ ಅಂದಾಜು ಹೇಳಿ ಅಂದೆ. ಮಾರಾಟ, ಖರೀದಿ, ನಗದು ಎಲ್ಲದರ ಅಂದಾಜನ್ನೂ ಒಟ್ಟಿಗೆ ಜೋಡಿಸುವ ಮಾಸ್ಟರ್ ಬಜೆಟ್ ಶುರುವಾಗುವುದೇ ಅಲ್ಲಿಂದ. ಏಪ್ರಿಲ್ 80 ಸಾವಿರ, ಮೇ 4 ಲಕ್ಷ, ಜೂನ್ 8 ಲಕ್ಷ, ಜುಲೈ 1.6 ಲಕ್ಷ. ನೂರು ರೂಪಾಯಿ ಮಾಲಿಗೆ ಅಸಲು 75. ಮುಂದಿನ ತಿಂಗಳು ಮಾರುವುದರಲ್ಲಿ ಅರ್ಧದಷ್ಟು ತಿಂಗಳ ಕೊನೆಗೇ ಅಂಗಡಿಯಲ್ಲಿರಬೇಕು.

ಖರೀದಿ ಬಜೆಟ್ ಪೂರ್ತಿ ಅಸಲಿನಲ್ಲೇ ಹಾಕಬೇಕು. ಮಾರುವ ಬೆಲೆ ನುಸುಳಿದರೆ ಬೇಡದ ಮಾಲು ತುಂಬುತ್ತದೆ. ಮೇನಲ್ಲಿ ಮಾರುವ ಮಾಲಿನ ಅಸಲು 3 ಲಕ್ಷ. ಜೂನ್‌ಗೆ ಬೇಕಾದ 6 ಲಕ್ಷದಲ್ಲಿ ಅರ್ಧ, ಅಂದರೆ ಇನ್ನೂ 3 ಲಕ್ಷ ಸೇರಿಸಿ. ಏಪ್ರಿಲ್ ಕೊನೆಯಲ್ಲಿ ಉಳಿದ ಸ್ಟಾಕ್ 1.5 ಲಕ್ಷ ಕಳೆಯಿರಿ. ಖರೀದಿ 4.5 ಲಕ್ಷ. ಹೀಗೇ ಲೆಕ್ಕ ಹಾಕಿದರೆ ಏಪ್ರಿಲ್‌ಗೆ 1.8, ಜೂನ್‌ಗೆ 3.6 ಲಕ್ಷ. ಮಾರಾಟದ ತುದಿ ಜೂನ್, ಖರೀದಿಯ ತುದಿ ಮೇ. ಅವರ ತೊಂದರೆಯ ಬೇರು ಇದೇ.

ಇನ್ನು ನಗದು ಬಜೆಟ್. ಮಾರಾಟದಲ್ಲಿ ನೂರಕ್ಕೆ 60 ಕೂಡಲೇ ಬರುತ್ತದೆ. ಶಾಲೆಗಳ ಉದ್ರಿ 40 ಬರುವುದು ಮುಂದಿನ ತಿಂಗಳು. ಬೆಂಗಳೂರಿನ ಹೋಲ್‌ಸೇಲ್‌ನವರಿಗೆ ಅರ್ಧ ಕೂಡಲೇ, ಉಳಿದರ್ಧ ಮುಂದಿನ ತಿಂಗಳು. ಹಾಗಾಗಿ ಮೇನಲ್ಲಿ ಬರುವುದು 2.4 ಲಕ್ಷ, ಜೊತೆಗೆ ಏಪ್ರಿಲ್ ಉದ್ರಿ 32 ಸಾವಿರ. ಹೋಗುವುದು ಮೇ ಖರೀದಿಗೆ 2.25 ಲಕ್ಷ, ಏಪ್ರಿಲ್ ಬಾಕಿ 90 ಸಾವಿರ, ಬಾಡಿಗೆ-ಸಂಬಳ 40 ಸಾವಿರ. ಕೈಯಲ್ಲಿದ್ದ 60 ಸಾವಿರ ಸೇರಿಸಿದರೂ 23 ಸಾವಿರ ಕಡಿಮೆ.

"ಇಷ್ಟೇನಾ?" ಅಂದರು ಗಂಡ. ಇಲ್ಲಿ ನಿಲ್ಲಿಸಬಾರದು. ತಿಂಗಳ ಲೆಕ್ಕದಲ್ಲಿ ನಡುವಿನ ಬಿಕ್ಕಟ್ಟು ಕಾಣುವುದಿಲ್ಲ. ಹೆಂಡತಿ ಹಳೇ ಬಿಲ್ ಪುಸ್ತಕ ತೆಗೆದು ತೋರಿಸಿದರು: ಮೇನಲ್ಲಿ ಮಾಲೆಲ್ಲ 15ನೇ ತಾರೀಕಿನೊಳಗೆ ಬಂದಿದೆ, ಗಿರಾಕಿಗಳು ಬಂದದ್ದು ಕೊನೆಯ ವಾರಗಳಲ್ಲಿ. ಮೊದಲ ಹದಿನೈದು ದಿನಕ್ಕೆ ನಗದು ಮಾರಾಟದ ಕಾಲು ಭಾಗ, 60 ಸಾವಿರ ಹಿಡಿದೆವು. ಹಳೇ ಉದ್ರಿ, ಕೈಯಲ್ಲಿದ್ದದ್ದು ಸೇರಿ 1.52 ಲಕ್ಷ. ಹೋಲ್‌ಸೇಲ್‌ನವರಿಗೆ ಕೊಡಬೇಕಾದದ್ದು 3.15 ಲಕ್ಷ. 15ನೇ ತಾರೀಕಿಗೆ 1.63 ಲಕ್ಷ ಕಡಿಮೆ!

ಆರ್ಡರನ್ನು ಎರಡು ಕಂತು ಮಾಡಿ, ಅರ್ಧ ಮಾಲು 15 ಆದಮೇಲೆ ತರಿಸಿ ಅಂದೆ. ಆಗ ಕೊರತೆ 50,500ಕ್ಕೆ ಇಳಿಯುತ್ತದೆ. ಗಲ್ಲಾದಲ್ಲಿ 20 ಸಾವಿರ ಇರಲೇಬೇಕಲ್ವಾ, ಅದೂ ಸೇರಿ ಸುಮಾರು 70 ಸಾವಿರ. ಮೂರು ಲಕ್ಷದ ಕೈಸಾಲ ಬೇಡ, ಬ್ಯಾಂಕಿನಲ್ಲಿ 75 ಸಾವಿರದ ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಕಾಸಿಲ್ಲದಿದ್ದರೂ ಅಷ್ಟರವರೆಗೆ ತೆಗೆಯುವ ಅವಕಾಶ, ಕೇಳಿ ಅಂದೆ. ಬಳಸಿದಷ್ಟಕ್ಕೆ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಜೂನ್‌ನಲ್ಲಿ ಎಲ್ಲ ಕೊಟ್ಟಮೇಲೂ 1.95 ಲಕ್ಷ ಜಾಸ್ತಿ ಬರುತ್ತದೆ, ಸಾಲ, ಬಡ್ಡಿ ಎರಡೂ ಅದರಲ್ಲೇ ತೀರುತ್ತದೆ. ಆದರೆ ಶಾಲೆಗಳ ಉದ್ರಿ ಒಂದು ತಿಂಗಳು ತಡವಾದರೆ ಜೂನ್‌ಗೆ ಬರಬೇಕಾದ 1.6 ಲಕ್ಷ ಕೈತಪ್ಪುತ್ತದೆ. ಅದಕ್ಕೇ ಮೇ ಬಿಲ್ಲುಗಳ ವಸೂಲಿಗೆ ಜೂನ್ ಮೊದಲ ವಾರವೇ ಹೋಗಿ ಅಂತ ಹೆಂಡತಿಗೆ ಹೇಳಿದೆ. ಉದ್ರಿ ಪುಸ್ತಕ ಇರುವುದು ಅವರ ಕೈಯಲ್ಲೇ.